ಮಂಟಪದ ಕೆಳಗಿನ ಬಿಳಿ ಪುಡಿ

ವಾಣಿಶ್ರೀ ದೇವರ ಮಂಟಪದ ಕಾಲ ಬುಡದಲ್ಲಿ ಬಿದ್ದ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಪಕ್ಕದಲ್ಲಿ ಕೂತ ಅತ್ತೆ ಅನ್ನಪೂರ್ಣಮ್ಮ, ಬಟ್ಟೆ ತಾಗುವ ಮೊದಲೇ ಒಂದು ಚಿಟಿಕೆ ಬಳಿದು ಹಣೆಗೆ ಹಚ್ಚಿಕೊಂಡರು.

ಹೋದ ವರ್ಷ ತೀರಿಕೊಂಡ ಮಾವ ವಾಮದೇವಪ್ಪನವರು ಕೈಯಾರೆ ಕೂಡಿಸಿದ ತೇಗದ ಮಂಟಪ ಅದು. ಲಿಂಗಪೂಜೆಗೆ ಕೂತಾಗ ಅವರ ಮೈಯಿಂದ ಉದುರಿದ ವಿಭೂತಿ ಸಂದಿಗಳಲ್ಲಿ ಉಳಿದಿದೆ, ಈಗಲೂ ಇಳಿಯುತ್ತಿದೆ ಎಂದು ಅತ್ತೆ ನಂಬಿದ್ದರು. ಹರಿಹರದ ಆ ಮನೆಯಲ್ಲಿ ಅದನ್ನು ಅಲ್ಲವೆನ್ನಲು ಯಾರಿಗೂ ಬಾಯಿ ಬಂದಿರಲಿಲ್ಲ.

ಅತ್ತೆ ವಿಭೂತಿ ಡಬ್ಬಿ ಸಮೇತ ನಂದಿಗುಡಿ ಮಠಕ್ಕೆ ಹೋದಾಗ, ಮನೆಯಲ್ಲಿ ವಿಭೂತಿಯೇ ಇಲ್ಲದ ಆ ರಾತ್ರಿ, ವಾಣಿಶ್ರೀ ಎಲ್ಲ ಒರೆಸಿ, ಮಂಟಪದ ಕೆಳಗೆ ಹಳೆಯ ಕೊಡೆಯ ಕರಿ ಬಟ್ಟೆ ಹಾಸಿದಳು. ಬೆಳಿಗ್ಗೆ ಬಟ್ಟೆಯ ಮೇಲೆ ಪುಟ್ಟ ಪುಟ್ಟ ಬಿಳಿ ಗುಡ್ಡೆಗಳು. ಪ್ರತಿ ಗುಡ್ಡೆಯ ನೇರಕ್ಕೆ, ಮಂಟಪದ ಕಾಲಿನಲ್ಲಿ, ಗುಂಡುಸೂಜಿ ಚುಚ್ಚಿದಂಥ ದುಂಡನೆಯ ತೂತು. ಅವಳು ದಾವಣಗೆರೆಯ ಬಡಗಿ ಕೆಂಚಣ್ಣನಿಗೆ ಫೋನ್ ಮಾಡಿದಳು.

ಅವನು ಬರುವಷ್ಟರಲ್ಲಿ ಅತ್ತೆಯೂ ಮರಳಿದ್ದರು. ಕೆಂಚಣ್ಣ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಮೈದಾ ಇದ್ದಂಗೆ ನುಣ್ಣಗೈತೆ. ಗೆದ್ದಲಾಗಿದ್ರೆ ರಾಗಿ ಕಾಳಿನಂಗೆ ಹಳುಕು ಬೀಳ್ತಿತ್ತು. ಇದು ಕೊರೆಹುಳ ಅಮ್ಮಾರ. ಹೊರಗೆ ಬಂದಿದ್ದರ ತೂತು ಇವು, ಮರಿ ಇನ್ನೂ ಒಳಗೈತಿ."

"ಹುಳ?" ಅತ್ತೆಯ ಕೈ ಹಣೆಯ ಮೇಲೆ ನಿಂತಿತು.

"ಯಜಮಾನ್ರಿಗೆ ಅವತ್ತೇ ಹೇಳಿದ್ದೆ, ಕಾಲಿಗೆ ಹೊರಗಿನ ಬಿಳಿ ಮರ ಬ್ಯಾಡ, ಒಳಗಿನ ಗಟ್ಟಿ ಚೇಗೇ ಹಾಕ್ರಿ ಅಂತ. 'ದೇವರ ಭಾರ ಎಷ್ಟಿರ್ತೈತೋ ಕೆಂಚಾ' ಅಂತ ನಕ್ಕರು. ಪಾಲಿಶ್ ಬ್ಯಾರೆ ಕಾಣೋ ಕಡೆ ಅಷ್ಟೇ ಹೊಡೆದಾರ. ತಳ ಬರಿ ಮೈ. ಅಲ್ಲೇ ತತ್ತಿ ಇಟ್ಟೈತಿ."

"ಮಂಟಪ ಉಳೀತೈತಾ?" ವಾಣಿಶ್ರೀ ಕೇಳಿದಳು.

"ನೋಡೋಣ್ರಿ."

ಮಂಟಪವನ್ನು ದಾವಣಗೆರೆಯ ತನ್ನ ಶೆಡ್ಡಿಗೆ ಒಯ್ದು ಅವನು ಪಾಲಿಶನ್ನೆಲ್ಲ ಉಜ್ಜಿ ತೆಗೆದ; ಅತ್ತೆ ಸೊಸೆ ಇಬ್ಬರೂ ಜೊತೆಗೆ ಹೋಗಿದ್ದರು. ಅದಿದ್ದರೆ ಮದ್ದು ಮರಕ್ಕೆ ಇಳಿಯದು. ಬೋರಿಕ್ ಪುಡಿ, ಬಿಳಿಗಾರ ಕರಗಿಸಿದ ಬಿಸಿನೀರನ್ನು ಬ್ರಶ್ಶಿನಿಂದ ಮತ್ತೆ ಮತ್ತೆ ಬಳಿದ, ತೂತುಗಳಿಗೆ ಸಿರಿಂಜಿನಿಂದ ಬಿಟ್ಟ. ಚೇಗಿನ ಭಾಗಗಳು ಗಟ್ಟಿಯಾಗಿದ್ದವು. ಮೂರು ಕಾಲುಗಳಲ್ಲಿ ತೂತು ಅಲ್ಲೊಂದು ಇಲ್ಲೊಂದು, ಆ ಕಾಲುಗಳೂ ಉಳಿದಾವು. ಮುಂದಿನ ಬಲಗಾಲಿಗೆ ಸ್ಕ್ರೂಡ್ರೈವರ್ ಒತ್ತಿದರೆ ರೊಟ್ಟಿಗೆ ಬೆರಳಿಟ್ಟಂತೆ ಒಳಗೆ ಹೋಯಿತು. ಮೇಲೆ ತೊಗಟೆಯಷ್ಟೇ ಮರ, ಒಳಗೆಲ್ಲ ಹಿಟ್ಟು. ಅದೇ ಕಾಲಿನ ಮೇಲೆ ಮಾವ ಉಳಿ ಹಿಡಿದು ಕೆತ್ತಿದ ಸೊಟ್ಟ ಕಮಲವಿತ್ತು.

"ಇದಕ್ಕ ಮದ್ದು ನಿಲ್ಲಲ್ಲ. ಹೊಸದು ಕೂಡಿಸ್ತೀನಿ, ಇದನ್ನ ಸುಡಬೇಕು. ಮನಿಗೆ ಒಯ್ದರೆ ಬಾಗಿಲು, ಮಂಚ, ಒಂದೂ ಬಿಡಲ್ಲ," ಎಂದ ಕೆಂಚಣ್ಣ.

ಅವನು ಕಾಲನ್ನು ಬಿಚ್ಚಿ ಶೆಡ್ಡಿನ ಅಂಗಳದ ಒಲೆಯ ಪಕ್ಕ ಇಟ್ಟ. ವಾಣಿಶ್ರೀ ಸೆರಗಿನ ತುದಿಯಿಂದ ಅತ್ತೆಯ ಹಣೆ ಒರೆಸಲು ಕೈ ಎತ್ತಿ, ಇಳಿಸಿದಳು. ಹಣೆಯಲ್ಲಿ ಅಂದು ಆ ಬಿಳಿ ಪುಡಿಯೇನೂ ಇರಲಿಲ್ಲ.

ಅನ್ನಪೂರ್ಣಮ್ಮ ಆ ಕಮಲವನ್ನೇ ನೋಡುತ್ತಿದ್ದರು.

"ಆ ಕಮಲ ಒಂದು ಸುಡಬ್ಯಾಡ ಕೆಂಚಣ್ಣ. ನನಗ ಕೊಡು."