ಎರಡು ಸೆಂಟಿಮೀಟರ್ ಗಾಳಿ

ದಮ್ಮಾಮಿನಿಂದ ರಜೆಯಲ್ಲಿ ಬಂದ ಗಂಡಸು ಹೆಂಡತಿಯ ಗಂಡನಲ್ಲ, ಊರಿನ ಆಸ್ತಿ. ಕಬೀರ್ ಬಂದ ಮೊದಲ ವಾರ ಇದನ್ನೇ ಹೇಳಿಕೊಂಡು ನಾನು ಹಲ್ಲು ಕಚ್ಚಿದ್ದೆ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು. ಅದರಲ್ಲಿ ಯಾರದೋ ಮಗ ಕಳಿಸಿದ ಟಾರ್ಚು ಉಳ್ಳಾಲಕ್ಕೆ, ಇನ್ನಾರದೋ ಅಣ್ಣ ಕಳಿಸಿದ ಸೀರೆ ಬಂಟ್ವಾಳಕ್ಕೆ, ನಡುವೆ ಮದುವೆ, ಊಟ, ಊಟದ ಮೇಲೆ ಊಟ. ನನ್ನ ತವರಾದ ಕಾವೂರಿನ ಉಮ್ಮನ ಮನೆಗೆ ಅವರು ಬರುತ್ತಿದ್ದುದು ಮಲಗುವುದಕ್ಕೆ. ನನಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗೊರಕೆ.

ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಮೊದಲ ರಜೆಯಲ್ಲಿ ಏನೇನಾಯಿತು ಎಂದು ಕೇಳಿದರೆ ನನಗೆ ನೆನಪಾಗುವುದು ಸೂಟ್‌ಕೇಸಿನ ವಾಸನೆ ಮಾತ್ರ. ಅಷ್ಟು ಹಂಬಲಿಸಿ ಕಾದ ಮನುಷ್ಯ ಬಂದು ಹೋದದ್ದರ ಒಂದು ಗುರುತೂ ಉಳಿಯದಿದ್ದರೆ ಯಾರಿಗೆ ದೂರುವುದು?

ಈ ಸಲ ಅವರು ಇನ್ನೊಂದನ್ನು ತಂದಿದ್ದರು. ನನಗೆ ಫ್ಯಾಮಿಲಿ ವೀಸಾ. ಕಂಪನಿಯವರು ಇವರಂಥ ಪೈಪ್ ಫಿಟ್ಟರಿಗೆ ಅದನ್ನು ಸುಲಭಕ್ಕೆ ಕೊಡುವುದಿಲ್ಲ. ಫೋರ್‌ಮನ್ ಆದ ಮೇಲೆ, ಮ್ಯಾನೇಜರನ ಕಾಲು ಹಿಡಿದು ಪಡೆದದ್ದು. ಮೂರು ತಿಂಗಳೊಳಗೆ ಹೋಗದಿದ್ದರೆ ಅದು ರದ್ದು. ಉಮ್ಮ ಆಗಲೇ ನನ್ನ ಬಟ್ಟೆಗಳನ್ನು ಬೇರೆ ಇಡತೊಡಗಿದ್ದರು.

ಆದರೆ ನನಗೆ ಕೆಂಪು ಫಿಲ್ಮಿನ ಕೆಲಸವಿತ್ತು. ನಾನು ನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಎಂ.ಫಿಲ್. ಮಾಡುತ್ತಿದ್ದೆ. ನಮ್ಮ ಕರಾವಳಿಯ ಮರಳಿನಲ್ಲಿ ಅಲ್ಲಲ್ಲಿ ಥೋರಿಯಂ ಉಂಟು. ಮಣ್ಣಿನಿಂದ, ಗೋಡೆಯಿಂದ ರೇಡಾನ್ ಎಂಬ ಅನಿಲ ಸೋರಿ ಮನೆಯೊಳಗೆ ಸೇರುತ್ತದೆ, ಆಲ್ಫಾ ಕಣಗಳನ್ನು ಉಗುಳುತ್ತದೆ. ಎಷ್ಟು ಎಂದು ಅಳೆಯಲು ಫ್ರಾನ್ಸಿನಿಂದ ತರಿಸಿದ, ಬೆರಳುಗುರಿನಷ್ಟಗಲದ ಕೆಂಪು ಪ್ಲಾಸ್ಟಿಕ್ ಫಿಲ್ಮಿನ ತುಂಡುಗಳನ್ನು ವರ್ಷವಿಡೀ ಮನೆಮನೆಯಲ್ಲಿ ತೂಗುಹಾಕಿದ್ದೆ. ಬೆಳಕು ಬಿದ್ದರೂ ಇದಕ್ಕೆ ಏನೂ ಆಗದು. ಆಲ್ಫಾ ಕಣ ಹೊಕ್ಕ ಜಾಗ ಮಾತ್ರ ಒಳಗೊಳಗೇ ಹಾಳಾಗಿರುತ್ತದೆ. ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿಟ್ಟರೆ ಆ ಜಾಗ ಬೇಗ ಕರಗಿ ತೂತು ಬೀಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೆಂಪಿನ ನಡುವೆ ಬಿಳಿ ಚುಕ್ಕೆ ಕಾಣುತ್ತದೆ.

ಮನೆಗಳ ಫಿಲ್ಮುಗಳನ್ನು ಅದ್ದುವ ಮೊದಲು, ಇಷ್ಟೇ ಆಲ್ಫಾ ಕಣ ಹೊಮ್ಮಿಸುತ್ತದೆಂದು ಗೊತ್ತಿರುವ ಮೂಲವೊಂದರ ಮುಂದೆ ಅದೇ ಫಿಲ್ಮ್ ಸುರುಳಿಯ ತುಂಡನ್ನಿಟ್ಟು ಪರೀಕ್ಷಿಸಬೇಕು. ಇಲ್ಲದಿದ್ದರೆ ಚುಕ್ಕೆಗಳಿಗೆ ಅರ್ಥವಿಲ್ಲ. ವಿಶ್ವವಿದ್ಯಾನಿಲಯದ ಅಮೆರಿಸಿಯಂ ಮೂಲ ನನಗೆ ಸಿಕ್ಕಿದ್ದು ಮೇ ತಿಂಗಳ ಕೊನೆಯವರೆಗೆ, ಸರಿಯಾಗಿ ಕಬೀರರ ರಜೆಯ ಜತೆಗೆ. ನನ್ನ ಹಣೆಬರಹವೇ ಹಾಗೆ.

ಒಂದು ಬೆಳಗ್ಗೆ ಓಡಿ ಹೋಗಿ ಫಿಲ್ಮನ್ನು ಮೂಲದ ಮೇಲೆಯೇ ಒತ್ತಿ ಇಟ್ಟೆ. ಒಂದು ಕಣವೂ ತಪ್ಪಿಸಿಕೊಳ್ಳಬಾರದು. ಕಣ ಎಣಿಸುವ ಗೈಗರ್ ಕೌಂಟರ್ ಹಿಡಿದು ಹಿಡಿದು ರೂಢಿಯಾದ ಕೈ, ಹತ್ತಿರವಿಟ್ಟಷ್ಟೂ ಹೆಚ್ಚು ಎಂಬುದು ಅದರ ಲೆಕ್ಕ. ಅದ್ದಿ, ತೊಳೆದು, ನೋಡಿದೆ. ಬರೀ ಕೆಂಪು. ಇನ್ನೊಂದು ತುಂಡಿಗೆ ಎರಡು ಪಟ್ಟು ಹೊತ್ತು ಕೊಟ್ಟೆ. ಅದೂ ಕೆಂಪು.

ಸುರುಳಿಯೇ ಹಡಗಿನ ಬಿಸಿಗೆ ಕೆಟ್ಟಿರಬೇಕು ಎಂದುಕೊಂಡೆ. ಹಾಗಿದ್ದರೆ ವರ್ಷದ ಕೆಲಸ ನೀರಲ್ಲಿ ಹೋಮ. ಅಳು ಬಂತು. ಅಳುವಿನ ಅಡಿಯಲ್ಲಿ ಹಗುರವೂ ಆಯಿತು, ಅದನ್ನೇಕೆ ಮುಚ್ಚಿಡಲಿ? ಎಂ.ಫಿಲ್. ಇಲ್ಲ ಎಂದಾದರೆ ತಡೆಯುವುದೇನೂ ಇಲ್ಲ. ಆ ಮನುಷ್ಯನ ಜತೆ ಹೋಗಿ ಒಂದೇ ಮನೆಯಲ್ಲಿ ಬದುಕಬಹುದು. ರಾತ್ರಿ ಕಬೀರರಿಗೆ ಬರುತ್ತೇನೆ ಎಂದು ಹೇಳಿಯೂ ಬಿಟ್ಟೆ. ಅವರಿಗಾದ ಸಂತೋಷಕ್ಕೆ ನಿದ್ದೆ ಹಾರಿತು. ಅಲ್ಲಿಯ ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗೆಂದು ವಿವರಿಸಿದರು.

ಕೆಟ್ಟ ಸುದ್ದಿಯನ್ನು ಹೇಳಲು ಮರುದಿನ ಅತ್ತಾವರಕ್ಕೆ, ನನ್ನ ಮಾರ್ಗದರ್ಶಕಿ ಹೆಲನ್ ಮೇಡಂರ ಮನೆಗೆ ಹೋದೆ. ಮೇಡಂ ಮದುವೆಯಾಗದೆ ಪಾಠ ಹೇಳಿಕೊಂಡೇ ತಲೆ ನರೆಸಿದವರು. ಕಾಫಿ ಕೊಟ್ಟು, ಫಿಲ್ಮನ್ನು ಎಲ್ಲಿಟ್ಟಿದ್ದೆ ಎಂದು ಕೇಳಿದರು. ಮೂಲಕ್ಕೆ ತಾಗಿಸಿ, ಎಂದೆ. ಅವರು ಲೋಟ ಕೆಳಗಿಟ್ಟರು.

"ಅಷ್ಟು ಹತ್ತಿರ ಎಂತಕ್ಕೆ ಇಟ್ಟದ್ದು? ಅಲ್ಲಿ ಅದು ಇನ್ನೂ ಓಡುತ್ತಾ ಉಂಟಲ್ಲ. ಓಡುವವ ಎಲ್ಲಿಯೂ ಏನೂ ಬಿಟ್ಟುಹೋಗುವುದಿಲ್ಲ."

ನನಗೆ ತಿಳಿಯದ ಸೂತ್ರವೇನಲ್ಲ. ಕರಿಹಲಗೆಯ ಮೇಲೆ ವರ್ಷವರ್ಷ ಬರೆದಿದ್ದೇನೆ. ವಿದ್ಯುದಾವೇಶವುಳ್ಳ ಕಣ ವಸ್ತುವಿನೊಳಗೆ ಹೋಗುವಾಗ ದಾರಿಯ ಎಲೆಕ್ಟ್ರಾನುಗಳನ್ನು ಸೆಳೆದು ಕಿತ್ತುಹಾಕುತ್ತ, ತನ್ನ ಶಕ್ತಿಯನ್ನು ಚೂರುಚೂರೇ ಕಳೆದುಕೊಳ್ಳುತ್ತದೆ. ಆವೇಶ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ವೇಗ ಅರ್ಧವಾದರೂ ಹೆಚ್ಚುಕಡಿಮೆ ನಾಲ್ಕು ಪಟ್ಟು, ಯಾಕೆಂದರೆ ನಿಧಾನವಾಗಿ ಹೋಗುವ ಕಣ ಪ್ರತಿಯೊಂದು ಎಲೆಕ್ಟ್ರಾನಿನ ಬಳಿಯೂ ಹೆಚ್ಚು ಹೊತ್ತು ಇರುತ್ತದೆ. ಬೀಟಾ ಕಣದ ಆವೇಶ ಆಲ್ಫಾದ ಅರ್ಧ, ವೇಗವೋ ವಿಪರೀತ. ಹಾಗಾಗಿ ಅದು ಈ ಫಿಲ್ಮಿಗೆ ತಿಳಿಯುವುದೇ ಇಲ್ಲ. ಮೂಲದಿಂದ ಆಗ ತಾನೇ ಹೊರಟ ಆಲ್ಫಾ ಕೂಡ ಹಾಗೆಯೇ ದಾಟಿಹೋಗುತ್ತದೆ, ತೂತು ಬೀಳುವಷ್ಟು ಹಾನಿ ಮಾಡುವುದಿಲ್ಲ. ಗಾಳಿಯಲ್ಲಿ ಸ್ವಲ್ಪ ದೂರ ನಡೆದು ದಣಿದ ಮೇಲೆಯೇ ಗುರುತು ಬಿಡುವುದು. ಇನ್ನೂ ದೂರವಾದರೆ, ಸುಮಾರು ನಾಲ್ಕು ಸೆಂಟಿಮೀಟರಿನಲ್ಲಿ, ಗಾಳಿಯಲ್ಲೇ ನಿಂತುಬಿಡುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಒತ್ತಿ ಇಟ್ಟಿದ್ದೆ.

ಒಂದರಿಂದ ಐದು ಸೆಂಟಿಮೀಟರಿನವರೆಗೆ ಬೇರೆಬೇರೆ ಎತ್ತರದಲ್ಲಿಟ್ಟು ನೋಡು, ಆಮೇಲೆ ಸುರುಳಿಯನ್ನು ಬೈಯಿ, ಎಂದರು ಮೇಡಂ.

ಎತ್ತರ ಸರಿಯಾಗಿರಬೇಕಾದರೆ ಬಳೆಗಳಂಥ ಗಟ್ಟಿ ಉಂಗುರಗಳು ಬೇಕು. ಮನೆಯಲ್ಲಿ ನಾನು ರಟ್ಟು ಕತ್ತರಿಸುತ್ತ ಗೊಣಗುತ್ತಿದ್ದುದನ್ನು ಕಬೀರ್ ನೋಡಿದರು. ಇದು ಸರಿಹೋದರೆ ನಾನು ಬರುವುದು ಕಷ್ಟವಾದೀತು ಎಂದು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಅಳತೆಗಳನ್ನು ಕೇಳಿ ಬರೆದುಕೊಂಡರು. ಮರುದಿನ ಯಾರದೋ ಊಟ ಬಿಟ್ಟು ಬೈಕಂಪಾಡಿಯ ಗೆಳೆಯನ ವರ್ಕ್‌ಶಾಪಿಗೆ ಹೋಗಿ, ಪಿವಿಸಿ ಪೈಪನ್ನು ಲೇತಿಗೆ ಕೊಟ್ಟು ಐದು ಉಂಗುರ ಕತ್ತರಿಸಿ ತಂದರು. ಅಂಚು ಒರಟಿಲ್ಲ, ಅಳತೆ ಒಂದು ಕೂದಲಿನಷ್ಟೂ ಹೆಚ್ಚುಕಡಿಮೆಯಿಲ್ಲ. ಪೈಪಿನ ಕೆಲಸ ತನಗೂ ಬರುತ್ತದೆ ಎಂದಷ್ಟೇ ಹೇಳಿದರು. ಲ್ಯಾಬಿಗೂ ಜತೆಗೆ ಬರುತ್ತೇನೆಂದರು.

ರಜೆಯ ಕಾಲೇಜು ಖಾಲಿಯಿತ್ತು. ಮೂಲವನ್ನು ಸೀಸದ ಡಬ್ಬಿಯಿಂದ ಚಿಮಟದಲ್ಲಿ ತೆಗೆದಾಗ ಕಬೀರ್ ಗೋಡೆಗೆ ಅಂಟಿ ನಿಂತರು. ನಮಗಿನ್ನೂ ಮಕ್ಕಳಾಗಿಲ್ಲವಲ್ಲ, ಇದರಿಂದ ಏನಾದರೂ ಆದೀತೇ ಎಂದು ಕೇಳಿದರು. ಬರಿಗೈಯಲ್ಲಿ ಮುಟ್ಟಬಾರದು, ಉಳಿದಂತೆ ಅದರ ಆಲ್ಫಾವನ್ನು ಒಂದು ಕಾಗದವೇ ತಡೆಯುತ್ತದೆ ಎಂದೆ. ಮಕ್ಕಳಾಗದ್ದಕ್ಕೆ ಕಾರಣ ಬೇರೆ ಉಂಟು, ಅದು ಅರಬ್ಬಿ ಸಮುದ್ರದಷ್ಟು ಅಗಲ, ಎಂದೂ ಸೇರಿಸಿದೆ. ಅವರು ತಲೆ ತಗ್ಗಿಸಿ ನಕ್ಕರು.

ಐದು ತುಂಡುಗಳನ್ನೂ ಸರದಿಯಂತೆ, ಮೂಲದ ಸುತ್ತ ನಿಲ್ಲಿಸಿದ ಒಂದೊಂದು ಉಂಗುರದ ಮೇಲೆ ಇಟ್ಟು, ಆಮೇಲೆ ಒಟ್ಟಿಗೆ ಕಾಸ್ಟಿಕ್ ಸೋಡಾಕ್ಕೆ ಇಳಿಸಿದೆ. ಅರವತ್ತು ಡಿಗ್ರಿಯಲ್ಲಿ ಒಂದೂವರೆ ಗಂಟೆ. ಬೇಗ ಮಾಡುವ ಉಪಾಯವಿಲ್ಲ, ಬಿಟ್ಟುಹೋಗುವಂತೆಯೂ ಇಲ್ಲ, ಶಾಖ ಏರುಪೇರಾದರೆ ಎಲ್ಲ ಹಾಳು. ಇಬ್ಬರೂ ಎರಡು ಸ್ಟೂಲುಗಳ ಮೇಲೆ ಕುಳಿತೆವು. ಯಾರೂ ಕರೆಯಲಿಲ್ಲ. ಅವರು ಥರ್ಮಾಮೀಟರ್ ನೋಡಿಕೊಂಡರು, ನಾನು ಅವರನ್ನು ನೋಡಿದೆ. ಎಡಗೈಯಲ್ಲಿ ವೆಲ್ಡಿಂಗಿನ ಹೊಸ ಸುಟ್ಟಗಾಯದ ಕಲೆಯಿತ್ತು, ಕೇಳಿದೆ. ಅಲ್ಲಿ ಶುಕ್ರವಾರ ಮಧ್ಯಾಹ್ನ ಎಲ್ಲರೂ ಮಲಗಿದಾಗ ತಾನೊಬ್ಬನೇ ಹೊರಗೆ ಕುಳಿತು ನಮ್ಮ ಮನೆಯ ಬಾಗಿಲಿನ ಚಿಲಕದ ಸದ್ದು ನೆನಪು ಮಾಡಿಕೊಳ್ಳುತ್ತೇನೆ ಎಂದರು. ನಾಲ್ಕು ವರ್ಷದಲ್ಲಿ ನನಗೆ ಇದೆಲ್ಲ ಗೊತ್ತಿರಲಿಲ್ಲ. ನೀರಿನ ಬಿಸಿ ಆರದಿರಲಿ, ಗಡಿಯಾರ ನಿಂತುಹೋಗಲಿ ಎಂದು ಹಾರೈಸಿದೆ.

ಫಿಲ್ಮು ತೊಳೆದು ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಂದು ಸೆಂಟಿಮೀಟರಿನದರಲ್ಲಿ ಎಲ್ಲೋ ಒಂದೆರಡು ಚುಕ್ಕೆ. ಎರಡರದ್ದನ್ನು ಇಟ್ಟಾಗ ಕೆಂಪಿನ ತುಂಬ ಬಿಳಿ ಚೆಲ್ಲಿತ್ತು. ಮೂರರಲ್ಲೂ ಇತ್ತು. ನಾಲ್ಕರಲ್ಲಿ ಹುಡುಕಬೇಕಾಯಿತು, ಐದರಲ್ಲಿ ಏನೂ ಇಲ್ಲ. ಸುರುಳಿ ಚೆನ್ನಾಗಿಯೇ ಇತ್ತು. ನನ್ನ ವರ್ಷ ಉಳಿಯಿತು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎದ್ದು ಜಾಗ ಕೊಟ್ಟೆ.

ಕಬೀರ್ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಇದೆಲ್ಲ ನಿಲ್ಲಲಿಕ್ಕೆ ಬಂದವುಗಳಾ?"

"ಹೌದು. ನಿಲ್ಲುವ ಸ್ವಲ್ಪ ಮೊದಲು."

"ಮೊದಲಿನ ಫಿಲ್ಮಿನಲ್ಲಿ ಹೋದವು?"

"ಅವೂ ಹೋಗಿವೆ. ಇದಕ್ಕಿಂತ ಜಾಸ್ತಿಯೇ. ಆದರೆ ಕಾಣುವುದಿಲ್ಲ."

ಅವರು ಕಣ್ಣು ತೆಗೆಯದೆಯೇ, ಎಣಿಸಿ ಮುಗಿಸಲು ಎಷ್ಟು ಸಮಯ ಬೇಕೆಂದು ಕೇಳಿದರು. ಎಲ್ಲ ಮನೆಗಳದ್ದೂ ಆಗಿ, ಬರೆದು ಕೊಡುವಾಗ ಒಂದು ವರ್ಷ ಎಂದೆ. ವೀಸಾ ಮೂರು ತಿಂಗಳದ್ದೆಂದು ಇಬ್ಬರಿಗೂ ಗೊತ್ತಿತ್ತು. ಬಾ ಎಂದು ಒಂದು ಮಾತು ಹೇಳಿದ್ದರೆ ಆಗ ಹೊರಟುಬಿಡುತ್ತಿದ್ದೆ.

"ನೀನು ಮುಗಿಸು, ಸಫಿಯಾ. ವೀಸಾ ಇನ್ನೊಮ್ಮೆ ಕೇಳ್ತೇನೆ. ಕೊಡದಿದ್ದರೆ ನಾನೇ ಬರ್ತೇನೆ, ಮಾರಾಯ್ತಿ. ಬಂದರೆ ಯಾರ ಟಾರ್ಚನ್ನೂ ತರುವುದಿಲ್ಲ."

ಹೊರಡುವ ದಿನ ಗಂಡಸರೇ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗುವುದು, ಹೆಂಗಸರು ಬಾಗಿಲಲ್ಲಿ ನಿಲ್ಲುವುದು ನಮ್ಮಲ್ಲಿಯ ಕ್ರಮ. ಆ ದಿನ ಕಬೀರ್ ಸೂಟ್‌ಕೇಸನ್ನು ನನ್ನ ತಮ್ಮ ಅದ್ದುವಿನ ಕಾರಿಗೆ ಹಾಕಿಸಿ, ಊರಿನ ಕೆರೆಯವರೆಗೆ ನಡೆದೇ ಹೋಗೋಣವೆಂದು ಎಲ್ಲರೆದುರು ನನ್ನನ್ನು ಕರೆದರು. ಉಮ್ಮ ಬಾಗಿಲಿನಿಂದ ಸರಿದು ದಾರಿ ಬಿಟ್ಟರು. ಅದ್ದು ಹಿಂದಿನಿಂದ ಹಾರ್ನ್ ಹೊಡೆಯುತ್ತ ಬಂದ. ಕೆರೆ ಹತ್ತಿರವಾದ ಹಾಗೆ ಅವರ ಹೆಜ್ಜೆ ಸಣ್ಣದಾಗುತ್ತ ಬಂತು, ನನ್ನದೂ. ಕೊನೆಯ ನಾಲ್ಕು ಮಾರು ದೂರಕ್ಕೆ ಎಷ್ಟು ಹೊತ್ತು ಹಿಡಿಯಿತೋ, ವಿಮಾನ ತಪ್ಪುತ್ತದೆಂದು ಅದ್ದು ಕಾರಿನಿಂದ ಇಳಿದೇ ಬಂದ. ಕಬೀರ್ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು.

ಮನೆಗೆ ಹೋಗಲು ಮನಸ್ಸಾಗದೆ ಲ್ಯಾಬಿಗೆ ಹೋದೆ. ಮನೆಗಳ ಫಿಲ್ಮುಗಳಲ್ಲಿ ಮೊದಲನೆಯದನ್ನು ಅದ್ದಿ, ಒಂದೂವರೆ ಗಂಟೆ ಖಾಲಿ ಸ್ಟೂಲಿನ ಪಕ್ಕ ಕುಳಿತೆ. ಅದು ನಮ್ಮ ಮಲಗುವ ಕೋಣೆಯದು, ಅವರಿಲ್ಲದ ವರ್ಷವಿಡೀ ಮಂಚದ ಮೇಲೆ ತೂಗಿದ್ದದ್ದು. ಬರೀ ಕೆಂಪಿರಬಹುದೆಂಬ ಹೆದರಿಕೆಯಲ್ಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಚುಕ್ಕೆಗಳಿದ್ದವು. ನಾನು ಒಬ್ಬಳೇ ಮಲಗಿ ಕಾದ ಆ ಕೋಣೆಯ ಗಾಳಿಯಲ್ಲಿ ಅಷ್ಟೊಂದು ಕಣಗಳು ದಾರಿ ಸವೆಸಿ, ನಿಧಾನವಾಗಿ, ನಿಲ್ಲಲೆಂದೇ ಬಂದಿದ್ದವು. ಕಣ್ಣು ಒರೆಸಿಕೊಂಡು ಎಣಿಸಲು ಕುಳಿತೆ.