ಕಾಫಿ ಸಾಲಿನ ಕೀಲುಗಳು

ಸಮ್ಮೇಳನ ಮುಗಿದ ಮರುದಿನ ಬೆಳಿಗ್ಗೆ ನಾನು ಬರೆದ ಸಂದೇಶ ಎರಡು ಪುಟ ಉದ್ದವಿತ್ತು. ಅಕ್ಕ ಅದನ್ನು ನಿಂತುಕೊಂಡೇ ಓದಲು ಶುರುಮಾಡಿದಳು, ಅರ್ಧಕ್ಕೆ ಬಂದಾಗ ಕುರ್ಚಿ ಎಳೆದುಕೊಂಡಳು, ಮುಗಿಯುವ ಹೊತ್ತಿಗೆ ಟೀ ಆರಿಹೋಗಿತ್ತು.

"ಇದು ಪರಿಚಯ ಮಾಡ್ಕೊಳ್ಳೋ ಪತ್ರಾನಾ, ಮಠ ಸೇರೋ ಅರ್ಜಿನಾ?" ಅಂದಳು.

ಅಕ್ಕ ಹಲ್ಲಿನ ಡಾಕ್ಟರುಗಳಿಗೆ ಕುರ್ಚಿ ಮಾರುವ ಕಂಪನಿಯಲ್ಲಿದ್ದಾಳೆ. ಸಮ್ಮೇಳನಗಳಲ್ಲಿ ಸಿಕ್ಕವರ ಕಾರ್ಡು ಇಸಕೊಂಡು, ವಾಪಸ್ಸು ಬಂದು, ಅವರಿಗೆ ನಾಲ್ಕು ಸಾಲು ಬರೆದು, ಆ ನಾಲ್ಕು ಸಾಲಿನಿಂದ ವರ್ಷಗಟ್ಟಲೆ ಉಳಿಯುವ ಸ್ನೇಹ ಬೆಳೆಸುವುದೇ ಅವಳ ಕಸುಬು. ನನಗೆ ಅವಳಿಟ್ಟ ಹೆಸರು ಗುಮ್ಮನಗುಸಕಿ. ಸಭೆಗೆ ಹೋದರೆ ಗೋಡೆಗೆ ಒರಗಿ ನಿಲ್ಲುವವಳು, ಫೋನು ಬಂದರೆ ಅದು ನಿಲ್ಲುವವರೆಗೆ ಕಾಯುವವಳು. ಅಂಥವಳು ಈ ಸಲ ಕಾಫಿ ಸಾಲಿನಲ್ಲಿ ಅಪರಿಚಿತರೊಬ್ಬರ ಹತ್ತಿರ ಬಾಯಿಬಿಟ್ಟಿದ್ದೆ. ಅದಕ್ಕೆ ಕಾರಣವಿತ್ತು.

ನಾನು ಕೆಲಸ ಮಾಡುವುದು ಕೀಲು ತಯಾರಿಸುವ ಕಾರ್ಖಾನೆಯಲ್ಲಿ. ಬಾಗಿಲ ಕೀಲು. ಆಸ್ಪತ್ರೆಗಳ ವಾರ್ಡುಗಳಿಗೆಂದು ಸದ್ದೇ ಮಾಡದ ಹೊಸ ಕೀಲೊಂದನ್ನು ನಾನು ಅಲ್ಲಿನ ಮೂಲೆಯ ಮೇಜಿನ ಮೇಲೆ ರೂಪಿಸಿದ್ದೆ. ಹಳೆಯ ಕೀಲಿಗಿಂತ ಅದರ ಸದ್ದು ಎಷ್ಟು ಕಡಿಮೆ ಎಂದು ಅಳೆದು ತೋರಿಸದ ಹೊರತು ಕೊಳ್ಳುವವರು ನಂಬುವುದಿಲ್ಲ. ಅಳೆಯೋಣವೆಂದರೆ ಪಕ್ಕದಲ್ಲೇ ತಗಡು ಕತ್ತರಿಸುವ ಯಂತ್ರ. ಆ ಗದ್ದಲದಲ್ಲಿ ನನ್ನ ಕೀಲಿನ ಸದ್ದು ಮೈಕಿಗೆ ಸಿಗುವುದೇ ಇಲ್ಲ. ಈ ತಿಂಗಳೊಳಗೆ ಅಳತೆ ತಂದರೆ ಸರಿ, ಇಲ್ಲದಿದ್ದರೆ ನಿನ್ನ ಮೇಜು ಎತ್ತಿಸಿ ಅಲ್ಲಿ ಪೆಟ್ಟಿಗೆ ಜೋಡಿಸುತ್ತೇನೆ ಎಂದು ಯಜಮಾನರು ಬಹಳ ಪ್ರೀತಿಯಿಂದಲೇ ಹೇಳಿದ್ದರು. ಮೇಜು ಹೋದರೆ ಅದರ ಹಿಂದೆ ಕೂರುವ ನಾನೂ ಹೋದಂತೆ.

ಶಬ್ದ ಮತ್ತು ಕಂಪನ ಕುರಿತ ಆ ಸಮ್ಮೇಳನದ ಪಟ್ಟಿಯಲ್ಲಿ 'ಸವೆದ ಕೀಲುಗಳ ಸದ್ದು' ಎಂಬ ಭಾಷಣದ ಹೆಸರು ಕಂಡಾಗ ನನಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಭಾಷಣ ಮಾಡಿದ ಮೇಡಂ ಬಳಿ ಪ್ರತಿಧ್ವನಿಯೇ ಇಲ್ಲದ ನಿಶ್ಶಬ್ದ ಕೋಣೆಯೊಂದಿದೆ ಎಂದೂ ಯಾರೋ ಹೇಳಿದರು. ಅವರು ಮಾತಾಡುವಾಗ ನಾನು ಇನ್ನೊಂದು ಸಭಾಂಗಣದಲ್ಲಿ ನನ್ನ ಭಿತ್ತಿಪತ್ರ ಅಂಟಿಸುತ್ತ ಸಿಕ್ಕಿಹಾಕಿಕೊಂಡಿದ್ದೆ. ಆಮೇಲೆ ಕಾಫಿ ಸಾಲಿನಲ್ಲಿ ಅವರ ಹಿಂದೆಯೇ ಜಾಗ ಸಿಕ್ಕಿತು.

ನಾನೂ ಕೀಲುಗಳ ಸದ್ದಿನ ಮೇಲೇ ಕೆಲಸ ಮಾಡುವುದು ಅಂದೆ. ಅವರ ಮುಖ ಅರಳಿತು. ಲೋಟಗಳ ಗಲಾಟೆಯಲ್ಲಿ ಒಬ್ಬರ ಕಿವಿಗೊಬ್ಬರು ಬಾಗಿ ಮಾತಾಡಿದೆವು. ಭಾರ ಹೆಚ್ಚಾದಷ್ಟೂ ಬೇಗ ಸವೆಯುತ್ತವೆ ಅಂದರು, ಹೌದೆಂದೆ. ಎಣ್ಣೆ ಹಾಕಿದರೆ ಸರಿಹೋಗುತ್ತದೆ ಅಂತ ಜನ ನಂಬಿದ್ದಾರೆ ಅಂದರು, ಇಬ್ಬರೂ ನಕ್ಕೆವು. ಬಿಚ್ಚಿ ನೋಡಲಾಗದಿರುವುದೇ ತಮ್ಮ ದೊಡ್ಡ ಕಷ್ಟ, ಸದ್ದು ಕೇಳಿ ಇಷ್ಟು ಸವೆದಿದೆ ಅಂತ ಹೇಳಿದರೂ ಅದು ನಿಜವೋ ಸುಳ್ಳೋ ತಿಳಿಯುವ ದಾರಿಯಿಲ್ಲ ಅಂದರು. ನನಗೆ ಆಶ್ಚರ್ಯವಾಯಿತು. ನಾವು ಬಿಚ್ಚಿ ನೋಡುತ್ತೇವಲ್ಲ, ಸಂಜೆಯೊಳಗೆ ಮತ್ತೆ ಕೂರಿಸಿ ಕಳಿಸುತ್ತೇವೆ ಅಂದೆ. ಮೇಡಂ ಪೂರ್ತಿ ನನ್ನ ಕಡೆ ತಿರುಗಿದರು. "ಅವ್ರು ಒಪ್ತಾರಾ?" ಎಂದು ಕೇಳಿದರು. ಆಸ್ಪತ್ರೆಯವರ ವಿಷಯ ಕೇಳುತ್ತಿದ್ದಾರೆ ಅಂದುಕೊಂಡು, ಒಪ್ಪದೆ ಏನು, ಅವರೇ ಕಳಿಸುತ್ತಾರೆ ಅಂದೆ. ಅಷ್ಟರಲ್ಲಿ ಅವರ ಸರದಿ ಬಂತು. ಕಾರ್ಡು ಕೊಟ್ಟು, ಬರೆಯಿರಿ, ಖಂಡಿತ ಬರೆಯಿರಿ ಎಂದು ನನ್ನ ಕೈ ಹಿಡಿದು ಹೇಳಿ ಹೋದರು.

ಆ ಕೈ ಹಿಡಿದದ್ದರ ಬಗ್ಗೆಯೇ ನನ್ನ ಪತ್ರದಲ್ಲಿ ಅರ್ಧ ಪುಟವಿತ್ತು. ಅಕ್ಕ ಅದನ್ನು ಮೊದಲು ಅಳಿಸಿದಳು. ಓದುವವರು ದಿನಕ್ಕೆ ನೂರು ಪತ್ರ ನೋಡುತ್ತಾರೆ, ಎಲ್ಲಿ ಸಿಕ್ಕಿದ್ದೆ ಅನ್ನುವುದು ಮೊದಲ ಸಾಲಿನಲ್ಲೇ ಇರಬೇಕು ಅಂದಳು. ಆಮೇಲೆ ಅವರೇ ಆಡಿದ ಒಂದು ಮಾತು, ಆಗ ಬರೇ ಹೊಗಳಿಕೆ ಅಲ್ಲ, ನಿಜವಾಗಿ ಕೇಳಿಸಿಕೊಂಡಿದ್ದೀ ಅಂತ ತಿಳಿಯುತ್ತೆ. ಅದಾದ ಮೇಲೆ ನೀನೇನು ತರುತ್ತೀ ಅನ್ನುವುದು. ಕೊನೆಗೆ ಒಂದೇ ಒಂದು ಕೋರಿಕೆ, ಹೂಂ ಅನ್ನುವುದು ಸುಲಭವಾಗಿರಬೇಕು. ಇಷ್ಟು ಹೇಳಿ ಅವಳು ಕತ್ತರಿಸುತ್ತ ಹೋದಳು. ನಮ್ಮ ಕಾರ್ಖಾನೆಯ ಚರಿತ್ರೆ ಹೋಯಿತು. ಬಾಗಿಲು ಎಂದರೆ ಒಳಗು ಹೊರಗುಗಳ ನಡುವಿನ ಮೌನ ಎಂದು ನಾನು ಬರೆದಿದ್ದ ಸಾಲನ್ನು ಗಟ್ಟಿಯಾಗಿ ಓದಿ, ನನ್ನ ಮುಖ ನೋಡಿ, ಅದನ್ನೂ ಅಳಿಸಿದಳು. ಉಳಿದದ್ದು ಇಷ್ಟು:

'ನಮಸ್ಕಾರ ಮೇಡಂ. ನಿನ್ನೆ ಕಾಫಿ ಸಾಲಿನಲ್ಲಿ ನಿಮ್ಮೊಡನೆ ಕೀಲುಗಳ ಬಗ್ಗೆ ಮಾತಾಡಿದವಳು ನಾನು. ಬಿಚ್ಚದೆ ಸವೆತ ತಿಳಿಯುವ ಕಷ್ಟದ ಬಗ್ಗೆ ನೀವು ಹೇಳಿದ್ದು ತಲೆಯಲ್ಲೇ ಇದೆ. ಆಸ್ಪತ್ರೆಯಿಂದ ಬಂದ ನಾಲ್ಕು ಹಳೆಯ ಕೀಲುಗಳನ್ನು ನಾನು ತರಬಲ್ಲೆ, ಬಹಳ ವರ್ಷ ಭಾರ ಹೊತ್ತವು. ಮುಂದಿನ ವಾರ ಒಂದು ಬೆಳಿಗ್ಗೆ ಅವನ್ನು ನಿಮ್ಮ ನಿಶ್ಶಬ್ದ ಕೋಣೆಯಲ್ಲಿ ಕೂರಿಸಿ ಕೇಳಬಹುದೇ?'

ಕೆಳಗೆ ನನ್ನ ಹೆಸರು, ಫೋನ್ ನಂಬರು, ಕಾರ್ಖಾನೆಯ ಹೆಸರು. ಕಾರ್ಖಾನೆಗೆ ಯಜಮಾನರು ತಮ್ಮ ಅಜ್ಜಿಯ ಹೆಸರಿಟ್ಟಿದ್ದರು. ಅದನ್ನು ಓದಿದವರು ಹೆರಿಗೆ ಆಸ್ಪತ್ರೆ ಅಂದುಕೊಂಡರೂ ತಪ್ಪಿಲ್ಲ.

ಅಕ್ಕ ನನ್ನ ಬೆರಳು ಹಿಡಿದು ಕಳಿಸು ಒತ್ತಿಸಿದಳು. ಉತ್ತರ ಮಧ್ಯಾಹ್ನ ಊಟದ ಹೊತ್ತಿಗೇ ಬಂತು. ನಾನು ತುತ್ತು ಬಾಯಿಗಿಡದೆ ಓದಿದೆ. ಮೊದಲ ಸಾಲಿನಲ್ಲಿ ಬುಧವಾರ ಆಗಬಹುದು ಎಂದಿತ್ತು. ಎದ್ದು ಕುಣಿಯುವಷ್ಟು ಸಂತೋಷವಾಯಿತು. ಎರಡನೆಯ ಸಾಲಿನಲ್ಲಿ ಕುಣಿತ ನಿಂತಿತು.

'ನಾಲ್ವರೂ ಸಡಿಲ ಬಟ್ಟೆ ಹಾಕಿಕೊಂಡು ಬರಲಿ. ಮಂಡಿಗೆ ಎಣ್ಣೆ ಹಚ್ಚಿರಬಾರದು. ವಯಸ್ಸು, ತೂಕ ಮೊದಲೇ ತಿಳಿಸಿದರೆ ಒಳ್ಳೆಯದು. ಲಿಫ್ಟ್ ಇದೆ, ಗಾಲಿಕುರ್ಚಿ ಕಳಿಸುತ್ತೇವೆ, ಟೀ ಬಿಸ್ಕತ್ತು ನಮ್ಮದು. ಬಿಚ್ಚಿದ ಮಂಡಿಯನ್ನು ಸಂಜೆಯೊಳಗೆ ಕೂರಿಸಿ ಮನೆಗೆ ಕಳಿಸುತ್ತೇವೆ ಎಂದಿರಲ್ಲ, ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ನಮ್ಮ ಶಸ್ತ್ರಚಿಕಿತ್ಸಕರೂ ನಿಮ್ಮನ್ನು ನೋಡಲು ಬರುತ್ತಿದ್ದಾರೆ.'

ನಾನು ಫೋನನ್ನು ಅಕ್ಕನ ಮುಂದೆ ಸರಿಸಿದೆ. ಅವಳು ಓದಿದಳು. ಮತ್ತೆ ಓದಿದಳು. ಅನ್ನ ನೆತ್ತಿಗೇರಿ ಕೆಮ್ಮಿದಳು, ಕೆಮ್ಮು ನಗುವಾಯಿತು, ನಗು ಅಳುವಾಯಿತು. ಏನಾಯಿತೆಂದು ಒಳಗಿನಿಂದ ಓಡಿಬಂದ ಅಮ್ಮನಿಗೆ ಹೇಳಲು ಇಬ್ಬರಿಗೂ ಉಸಿರಿರಲಿಲ್ಲ. ಕಡೆಗೆ ಅಕ್ಕ ಕಣ್ಣೊರೆಸಿಕೊಂಡು, ಅಮ್ಮಾ, ಇವಳು ಜನರ ಮಂಡಿ ಬಿಚ್ಚುತ್ತಾಳಂತೆ ಅಂದಳು. ಮೊದಲು ಊಟ ಮುಗಿಸಲಿ ಅಂದು ಅಮ್ಮ ಒಳಗೆ ಹೋದಳು.

ನಗು ಇಳಿದ ಮೇಲೆ ಉತ್ತರವನ್ನು ಇನ್ನೊಮ್ಮೆ ಓದಿದೆ. ಅವರದು ಮೈಯ ಕೀಲು, ನನ್ನದು ಬಾಗಿಲ ಕೀಲು. ನಿಜ ಹೇಳಿದರೆ ಕೋಣೆ ಕೈತಪ್ಪುತ್ತದೆ. ಮಂಡಿಗಳಿಗೆಂದು ತೆಗೆದಿಟ್ಟ ಬೆಳಗನ್ನು ಕಬ್ಬಿಣದ ತುಂಡುಗಳಿಗೆ ಯಾರು ಕೊಡುತ್ತಾರೆ? ಸುಳ್ಳು ಹೇಳುವುದಾದರೆ ನಾಲ್ಕು ಮಂಡಿ ಬೇಕು. ಮಂಡಿಗೇನು ಬರ ಅಂದಳು ಅಕ್ಕ. ಅಪ್ಪನದು ಎರಡು, ದೊಡ್ಡಮ್ಮನದು ಎರಡು, ಸೋದರಮಾವನಂತೂ ಮೆಟ್ಟಿಲು ಹತ್ತಿದರೆ ಪಟಾಕಿ ಹೊಡೆದ ಹಾಗೆ. ಹಾಗೆ ಹೇಳುತ್ತಲೇ ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.

"ಅವ್ರು ಗಾಲಿಕುರ್ಚಿ ಹೊರಡಿಸೋಕೆ ಮುಂಚೆ ಬರೆದ್ಬಿಡು. ತಪ್ಪನ್ನ ಮೊದಲ ಸಾಲಲ್ಲೇ ಹೇಳು. ಆಮೇಲೆ ಒಂದು ಯೋಚ್ನೆ ಮಾಡು, ನಿನ್ನ ಬಾಗಿಲಿಂದ ಅವ್ರಿಗೇನು ಸಿಗುತ್ತೆ? ನಿಂಗೆ ಬೇಕಾಗಿದ್ದನ್ನೇ ಎರಡು ಸಲ ಕೇಳಿದ್ರೆ ಅದು ಸ್ನೇಹ ಅಲ್ಲ ಕಣೇ, ವಸೂಲಿ."

ಅವಳು ಕೆಲಸಕ್ಕೆ ಹೊರಟುಹೋದಳು. ನಾನು ಬಹಳ ಹೊತ್ತು ಸುಮ್ಮನೆ ಕೂತೆ. ನನಗೆ ಬರುವ ಒಂದೇ ವಿದ್ಯೆ ಅದು. ಸುಮ್ಮನಿದ್ದಾಗ ಜನ ಆಡಿದ ಮಾತು ಮತ್ತೆ ಕೇಳಿಸುತ್ತದೆ, ಆಡಿದಾಗ ಕೇಳಿಸದಿದ್ದದ್ದೂ ಕೇಳಿಸುತ್ತದೆ. ಸದ್ದು ಕೇಳಿ ಸವೆತ ಹೇಳುತ್ತೇನೆ, ನಿಜವೋ ಸುಳ್ಳೋ ತಿಳಿಯದು ಎಂದಿದ್ದರು ಮೇಡಂ. ಮಂಡಿಯನ್ನು ಬಿಚ್ಚಲಾಗದು. ನನ್ನದನ್ನು ಬಿಚ್ಚಬಹುದು. ಸದ್ದು ಹಿಡಿದು, ಸವೆತ ಊಹಿಸಿ, ಆಮೇಲೆ ಮೊಳೆ ಕಿತ್ತು ನಿಜಕ್ಕೂ ಎಷ್ಟು ಸವೆದಿದೆ ಎಂದು ಅಳೆಯಬಹುದು. ಬೇಕಾದಷ್ಟು ಸವೆಸಿಯೂ ಕೊಡಬಹುದು. ಮಂಡಿಯೂ ಕೀಲೂ ಒಂದೇ ಅಲ್ಲ, ಆದರೆ ಅವರ ಲೆಕ್ಕಾಚಾರ ದಾರಿತಪ್ಪುತ್ತಿದೆಯೇ ಎಂದು ನೋಡಲು ಇದೊಂದು ಮೊದಲ ಮೆಟ್ಟಿಲಾಗಬಹುದು.

ಬರೆದೆ. 'ಮೇಡಂ, ದಯವಿಟ್ಟು ಶಸ್ತ್ರಚಿಕಿತ್ಸಕರಿಗೆ ಬರಬೇಡಿ ಎನ್ನಿ. ನಾನು ಹೇಳಿದ್ದು ಬಾಗಿಲ ಕೀಲು. ನಾನು ಈವರೆಗೆ ಯಾರ ಮಂಡಿಯನ್ನೂ ಬಿಚ್ಚಿಲ್ಲ.' ಅದರ ಕೆಳಗೆ, ಹೊಸ ಕೀಲೊಂದರ ಸದ್ದು ಅಳೆಯಲು ಜಾಗ ಹುಡುಕುತ್ತಿದ್ದೆನೆಂದು ಒಂದು ಸಾಲು, ಬಿಚ್ಚಿ ನೋಡಬಹುದಾದ ಕೀಲಿನಿಂದ ಅವರಿಗೇನು ಉಪಯೋಗವೆಂದು ಎರಡು ಸಾಲು. ಕೊನೆಯಲ್ಲಿ, ಇದು ಬೇಡವೆಂದರೂ ನನಗೆ ಬೇಸರವಿಲ್ಲ ಎಂದು ಬರೆದು, ಅದು ಸುಳ್ಳಾದ್ದರಿಂದ ಅಳಿಸಿದೆ. ಯಾರನ್ನೂ ಕೇಳದೆ ಕಳಿಸಿದೆ.

ಆ ದಿನ ಉತ್ತರವಿಲ್ಲ. ಮರುದಿನವೂ ಇಲ್ಲ. ಕಾರ್ಖಾನೆಯಲ್ಲಿ ಯಜಮಾನರು ನನ್ನ ಮೂಲೆಗೆ ಬಂದು, ಕಣ್ಣಳತೆಯಲ್ಲೇ ಎಷ್ಟು ಪೆಟ್ಟಿಗೆ ಹಿಡಿಯುತ್ತದೆ ಎಂದು ನೋಡಿ ಹೋದರು. ಅಕ್ಕನಿಗೆ ಫೋನು ಮಾಡಿದರೆ, ಒಂದು ವಾರದವರೆಗೆ ಸುಮ್ಮನಿರು, ಬೆನ್ನು ಹತ್ತಿದರೆ ಇದ್ದದ್ದೂ ಹೋಗುತ್ತದೆ ಅಂದಳು. ಮೌನ ಇಷ್ಟು ಗದ್ದಲ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಂಗಳವಾರ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ನಿಲ್ಲುವವರೆಗೆ ಕಾಯುವ ನನ್ನ ಕೈ ಅದನ್ನು ತಾನಾಗಿಯೇ ಎತ್ತಿಕೊಂಡಿತು. ಆ ಕಡೆ ಮಾತಿಲ್ಲ, ಯಾರೋ ಉಸಿರು ಹಿಡಿದಿದ್ದಾರೆ. ಅಳುತ್ತಿದ್ದಾರೇನೋ ಅನ್ನಿಸಿತು.

"ಕ್ಷಮಿಸಮ್ಮಾ, ನಿಂಗೆ ಫೋನ್ ಮಾಡೋಕೆ ಎರಡು ದಿನದಿಂದ ನೋಡ್ತಿದೀನಿ. ನಂಬರ್ ಒತ್ತಿದ ತಕ್ಷಣ ನಗು ಬಂದ್ಬಿಡುತ್ತೆ," ಅಂದರು ಮೇಡಂ. ನಾನು ಹೇಳಿದ್ದನ್ನು ಅವರು ಇಡೀ ವಿಭಾಗಕ್ಕೆ ಹೇಳಿಬಿಟ್ಟಿದ್ದರಂತೆ. ಸಂಜೆಯೊಳಗೆ ಮಂಡಿ ಕೂರಿಸುವ ಹುಡುಗಿಯನ್ನು ನೋಡಲೆಂದು ಶಸ್ತ್ರಚಿಕಿತ್ಸಕರು ರಜೆಯನ್ನೇ ಮುಂದೂಡಿದ್ದರಂತೆ. ಆಮೇಲೆ ದನಿ ಇಳಿಸಿ, ಬಿಚ್ಚಿ ನೋಡುವ ಕೀಲು ಎಂಬ ಮಾತನ್ನು ತಮ್ಮ ತಂಡದಲ್ಲಿ ಯಾರೂ ಆಡಿರಲಿಲ್ಲ, ಅದರ ಮೇಲೆ ಎರಡು ದಿನ ಜಗಳವಾಡಿ ಈಗ ಎಲ್ಲರೂ ಒಪ್ಪಿದ್ದಾರೆ ಅಂದರು. "ಬುಧವಾರ ಹಾಗೇ ಇರಲಿ. ನಾಲ್ಕೇ ಕೀಲು ಸಾಕಾಗಲ್ಲ, ಬೇಕಾದಷ್ಟು ತಗೊಂಡ್ಬಾ. ನಿನ್ನ ಹೊಸ ಕೀಲೂ ಇರಲಿ."

ನಿಶ್ಶಬ್ದ ಕೋಣೆಯ ಗೋಡೆ, ಸೂರು, ನೆಲ ಎಲ್ಲವೂ ಬೂದು ಬಣ್ಣದ ಸ್ಪಂಜಿನ ಮೂತಿಗಳು. ತಂತಿಯ ಬಲೆಯ ಮೇಲೆ ನಡೆಯಬೇಕು. ಬಾಗಿಲು ಮುಚ್ಚಿದಾಗ ನನ್ನ ರಕ್ತ ಹರಿಯುವುದು ನನಗೇ ಕೇಳಿಸಿತು. ಇಂಥ ಮೌನಕ್ಕಾಗಿ ನಾನು ಎಷ್ಟು ವರ್ಷದಿಂದ ಹಂಬಲಿಸಿದ್ದೆ! ಹೊಸ ಕೀಲನ್ನು ಚೌಕಟ್ಟಿಗೆ ಕೂರಿಸಿದೆ. ಮೇಡಂ ಮೈಕು ಸರಿಮಾಡಿ, ಉಸಿರು ಹಿಡಿದು, ಬೆರಳೆತ್ತಿದರು. ನಾನು ಹಲಗೆ ತಿರುಗಿಸಿದೆ. ಕೀಲು ಏನೂ ಅನ್ನಲಿಲ್ಲ.

ಆ ಮೌನದಲ್ಲಿ ಮೇಡಂ ಮೂಗಿನಿಂದ ಸಣ್ಣಗೆ ಸೊರ್ ಅಂದರು.

ನಾನು ತುಟಿ ಕಚ್ಚಿಕೊಂಡೆ. ಮತ್ತೆ ಮೊದಲಿನಿಂದ ಶುರುಮಾಡಿದೆವು. ಬೆರಳೆತ್ತಿದರು, ತಿರುಗಿಸಿದೆ, ಈ ಸಲ ನಾನೇ ಸೋತೆ. ಪ್ರತಿಧ್ವನಿಯಿಲ್ಲದ ಕೋಣೆಯಲ್ಲಿ ನಗು ಬಾಯಿಂದ ಹೊರಟ ಕೂಡಲೇ ಸ್ಪಂಜಿನೊಳಗೆ ಮುಳುಗಿಹೋಗುತ್ತಿತ್ತು, ಅದು ಇನ್ನಷ್ಟು ನಗು ತರಿಸುತ್ತಿತ್ತು. ಹೊರಗಿನಿಂದ ಯಂತ್ರ ನೋಡುತ್ತಿದ್ದ ಅವರ ವಿದ್ಯಾರ್ಥಿ ಬಾಗಿಲು ತೆರೆದು, ಮೇಡಂ, ಇದುವರೆಗೆ ಕೀಲಿನ ಸದ್ದು ಒಂದೂ ಬಂದಿಲ್ಲ, ನೀವಿಬ್ಬರೂ ಒಬ್ಬೊಬ್ಬರಾಗಿ ಒಳಗೆ ಹೋದರೆ ಹೇಗೆ ಎಂದು ಬಹಳ ಗೌರವದಿಂದ ಕೇಳಿದ.

"ಬೇಡಪ್ಪಾ, ಇಬ್ಬರೂ ಇರ್ತೀವಿ," ಅಂದರು ಮೇಡಂ, ತಂತಿಯ ಬಲೆಯ ಮೇಲೆ ನನ್ನ ಪಕ್ಕಕ್ಕೆ ಸರಿದು ಕೂರುತ್ತ. "ನೀನು ಬಾಗಿಲು ಹಾಕ್ಕೋ."