ಮಡಿಕೆ ದಾಟಿದ ಗೆರೆ

ಶಿರಸಿಯ ಮುನಸೀಫ್ ಕೋರ್ಟಿನ ದಫ್ತರು ಕೋಣೆಗೆ ಇದ್ದುದು ಒಂದೇ ಕಿಟಕಿ. ಶಿವಪುತ್ರಪ್ಪ ಮೇಜನ್ನು ಅದರ ಬುಡಕ್ಕೆ ಎಳೆಸಿಕೊಂಡು, ನಕ್ಷೆಯನ್ನು ಬಿಸಿಲಿಗೆ ಅಡ್ಡಡ್ಡ ಹಿಡಿದು, ಮೊದಲು ಕಣ್ಣಿಂದಲ್ಲ, ತೋರುಬೆರಳಿನ ತುದಿಯಿಂದ ಓದತೊಡಗಿದ.

ಪುಣೆಯ ಒಂದು ಖಾಸಗಿ ಛಾಪಖಾನೆಯಲ್ಲಿ ಮೂವತ್ತು ವರ್ಷ ನಕ್ಷೆ ತಿದ್ದುವ ಕೆಲಸ ಮಾಡಿ, ಈಗ ದೇವಿಕೆರೆ ಬದಿಯಲ್ಲಿ ಪುಸ್ತಕ ಕಟ್ಟುವ, ಪಟಕ್ಕೆ ಚೌಕಟ್ಟು ಹಾಕುವ ಅಂಗಡಿ ಇಟ್ಟ ಮನುಷ್ಯ. ೧೯೫೯ರ ಆ ಮಾಗಿಯಲ್ಲಿ ಕೋರ್ಟು ಅವನಿಗೆ ಚೀಟಿ ಕಳಿಸಿತ್ತು: ಈ ನಕ್ಷೆ ಯಾವ ಕಾಲದ್ದು, ಪರೀಕ್ಷಿಸಿ ಸಾಕ್ಷಿ ಹೇಳಬೇಕು.

ನಕ್ಷೆ ಬನವಾಸಿಯ ಜಮೀನ್ದಾರ ಮಧುಕೇಶ್ವರಪ್ಪನವರದು. ಕಾರವಾರದ ಕಡಲಿನಿಂದ ಬನವಾಸಿಯ ಆಚೆಯವರೆಗೆ, ನಾಲ್ಕು ಮೈಲಿಗೆ ಒಂದು ಅಂಗುಲದ ಲೆಕ್ಕದಲ್ಲಿ. ಕೆಳಗೆ ಅಚ್ಚಾದ ವರ್ಷ ೧೮೨೭. ಅದರ ಮೇಲೆ ಚುಕ್ಕೆಗೆರೆಯ ಒಂದು ಸರಹದ್ದು ಬಿದಿರಳ್ಳಿಯನ್ನೂ ಸುತ್ತುವರಿದು ಒಳಗೆ ಹಾಕಿಕೊಂಡಿತ್ತು. ಗೆರೆ ನಿಜವಾದರೆ ಬಿದಿರಳ್ಳಿಯ ಹನ್ನೊಂದು ಮನೆ ಜಮೀನ್ದಾರರ ಹಳೆಯ ಉಂಬಳಿಯೊಳಗೆ ನುಗ್ಗಿ ಕುಂತವರು, ಎದ್ದು ಹೋಗಬೇಕು. ಗೆರೆ ಸುಳ್ಳಾದರೆ ಅವರು ಅಜ್ಜನ ಕಾಲದಿಂದ ಸರ್ಕಾರಕ್ಕೇ ಕಂದಾಯ ಕಟ್ಟಿದ ರೈತರು. ಕಂದಾಯದ ರಸೀದಿ ಉಳಿದಿರಲಿಲ್ಲ, ಬೇರೆ ಕಾಗದ ಎರಡು ಕಡೆಯೂ ಇರಲಿಲ್ಲ.

"ಏನ್ರಿ, ಕುರುಡನ ಹಂಗ ಸವರ್ತೀರಲ್ಲ, ಅದೇನು ಕುದುರಿ ಮೈಯೇನು?" ಶಿರಸ್ತೇದಾರ ಮಡಿವಾಳಪ್ಪ ಎದುರು ಕುರ್ಚಿಯಲ್ಲಿ ಕೂತು ಕಾಯುತ್ತಿದ್ದ. ದಾಖಲೆಯನ್ನು ಕಣ್ಣು ತಪ್ಪಿಸಿ ಬಿಡುವಂತಿರಲಿಲ್ಲ.

"ತಾಮ್ರದ ತಗಡಿನ ಮ್ಯಾಲ ಕೊರೆದು ಒತ್ತಿದ್ದಾದ್ರ ಗೆರಿ ಕೈಗೆ ಹತ್ತತೈತ್ರಿ. ಕೊರೆದ ತಗ್ಗಿನ್ಯಾಗ ಮಸಿ ತುಂಬಿ, ಹಸಿ ಕಾಗದ ಇಟ್ಟು ಒತ್ತತಾರ. ಒಣಗಿದ ಮ್ಯಾಲ ಮಸಿ ಉಬ್ಬಿ ನಿಲ್ತೈತಿ. ಇದು ನೋಡ್ರಿ, ಬೋಳಿಸಿದ ಗಲ್ಲ."

ಮಡಿವಾಳಪ್ಪ ತನ್ನ ಗಲ್ಲ ಸವರಿಕೊಂಡು ನಕ್ಕ.

ಶಿವಪುತ್ರಪ್ಪ ನಗಲಿಲ್ಲ. ತಗಡಿನ ಅಂಚು ಒತ್ತಿದ ಕಡೆ ಕಾಗದದಲ್ಲಿ ನಾಲ್ಕೂ ಸುತ್ತ ತಗ್ಗು ಬೀಳಬೇಕು. ಇಲ್ಲಿ ತಗ್ಗಿನ ಜಾಗದಲ್ಲಿ ಬೂದುಬಣ್ಣದ ಒಂದು ಗೆರೆ ಮಾತ್ರ. ಉಗುರಿಗೆ ಏನೂ ಸಿಗಲಿಲ್ಲ. ಅಂದರೆ ಅಸಲಿನ ತಗ್ಗಿನ ನೆರಳು ಫೋಟೋದಲ್ಲಿ ಹಿಡಿದು, ಸತುವಿನ ತಗಡಿನಿಂದ ರಬ್ಬರಿನ ಹಾಳೆಗೆ, ಅದರಿಂದ ಕಾಗದಕ್ಕೆ ಅಚ್ಚಾಗಿದೆ. ಕಾಗದವನ್ನು ಬೆಳಕಿಗೆ ಎತ್ತಿದ. ಚಿಂದಿಬಟ್ಟೆಯ ಹಳೆಯ ಕೈಕಾಗದದಲ್ಲಿ ಕಾಣುವ ನೀರುಗುರುತಿಲ್ಲ. ಅಂಚು ಮುಟ್ಟಿದರೆ ಹಪ್ಪಳದಂತೆ ಮುರಿಯುವ ಮರದ ತಿರುಳಿನ ಕಾಗದ. ಮೇಲೆ ಕಂದು ಬಣ್ಣ ಸಮನಾಗಿ ಹರಡಿದೆ. ಮೂಲೆಯಲ್ಲಿ ಕಬ್ಬಿಣದ ಮೊಳೆ ಚುಚ್ಚಿದ್ದ ಕಡೆ ಕಪ್ಪುನೀಲಿ ಕಲೆ.

ಮೂಸಿ ನೋಡಿದ. "ಸಾಹೇಬ್ರ, ಇದನ್ನ ಅಡಿಕಿ ಬೇಯಿಸಿದ ಚೊಗರಿನ್ಯಾಗ ಅದ್ದಿ ಮುದುಕ ಮಾಡ್ಯಾರ. ಚೊಗರು ಕಬ್ಬಿಣಕ್ಕ ತಾಗಿದ್ರ ಕಪ್ಪಾಗತೈತಲ್ಲ? ಅದ ಇದು."

"ನಮ್ಮ ಊರಿನ ಮಂದಿ ತಲಿ ಓಡೋದು ಅಲ್ಲೀತನಕನ ನೋಡ್ರಿ," ಎಂದ ಮಡಿವಾಳಪ್ಪ.

ಕಡಲಿನ ಕಡೆಗೆ ಭೂತಗನ್ನಡಿ ಸರಿಯಿತು. ಕಾರವಾರದ ಎದುರು ದೇವಗಡ ದ್ವೀಪದ ಮೇಲೆ ದೀಪಸ್ತಂಭದ ಗುರುತು. ಅಲ್ಲಿ ದೀಪ ಹತ್ತಿದ್ದು ೧೮೬೪ರಲ್ಲಿ. ಅಘನಾಶಿನಿಯ ಅಳಿವೆಯ ದಂಡೆ ಕೂಡ ಹೊಸ ಕಡಲ ಮೋಜಣಿಯಾದ ಮೇಲಿನ ರೂಪದಲ್ಲಿದೆ. ತಾಮ್ರದ ತಗಡು ಸವೆಯುವವರೆಗೂ ಅದರಲ್ಲೇ ತಿದ್ದುತ್ತಾರೆ: ದಂಡೆ ತಿದ್ದುತ್ತಾರೆ, ದೀಪ ಸೇರಿಸುತ್ತಾರೆ, ಕೆಳಗಿನ ವರ್ಷವನ್ನು ಮಾತ್ರ ಹಾಗೇ ಬಿಡುತ್ತಾರೆ. ಅಸಲೇ ೧೮೬೪ರ ಈಚಿನದು. ಈ ಹಾಳೆ ಅದರ ನಕಲು, ಇನ್ನೂ ಈಚಿನದು.

ಇಷ್ಟಕ್ಕೆ ಕೆಲಸ ಮುಗಿಯಬೇಕಿತ್ತು. ಆದರೆ ನಕಲಾದರೂ ಅಸಲಿನಲ್ಲಿದ್ದ ಗೆರೆಯೇ ಇದರಲ್ಲಿ ಬಂದಿರಬಹುದಲ್ಲ? ಸರಹದ್ದಿನ ಗೆರೆಯ ಮೇಲೆ ಗಾಜು ಇಟ್ಟ.

ಬನವಾಸಿಯ ಪಕ್ಕದಲ್ಲಿ ಅಸಲಿನ ಒಂದು ಮಡಿಕೆ ಅಚ್ಚಾಗಿತ್ತು. ಈ ಹಾಳೆಯನ್ನು ಅಲ್ಲಿ ಮಡಿಸಿಯೇ ಇಲ್ಲ. ಫೋಟೋ ತೆಗೆದಾಗ ಅಸಲಿನ ಮಡಿಕೆಯೂ ಜೊತೆಗೆ ಸಿಕ್ಕಿಬಿದ್ದ ಬಿಳಿ ಎಳೆ. ಆ ಎಳೆಯ ಮೇಲೆ ಹೊಳೆ ತುಂಡಾಗಿದೆ, ಗುಡ್ಡದ ಗೀರು ತುಂಡಾಗಿದೆ, ಊರಿನ ಹೆಸರಿನ ಒಂದು ಅಕ್ಷರ ನಡುಸೀಳಾಗಿದೆ. ಸರಹದ್ದಿನ ಚುಕ್ಕೆಗೆರೆ ಮಾತ್ರ ಎಲ್ಲೂ ಮುರಿಯದೆ, ಸೇತುವೆ ಮೇಲಿನ ಬಂಡಿಯಂತೆ ನೆಟ್ಟಗೆ ದಾಟಿದೆ. ಫೋಟೋ ಆದ ಮೇಲೆ ಸತುವಿನ ತಗಡಿನ ಮೇಲೆ ಕೈಯಿಂದ ಎಳೆದದ್ದು.

ಒಂಬತ್ತು ತುಂಡು ಗೆರೆ, ಹತ್ತನೆಯದು ದಪ್ಪ. ಮತ್ತೆ ಒಂಬತ್ತು, ಹತ್ತನೆಯದು ದಪ್ಪ. ಹತ್ತಕ್ಕೊಮ್ಮೆ ಲೇಖನಿಯನ್ನು ಜಿಡ್ಡು ಮಸಿಯಲ್ಲಿ ಅದ್ದುವ ಕೈ. ಗೆರೆಯ ತುದಿಗೆ ಎಡಕ್ಕೆ ಸಣ್ಣ ಕೊಕ್ಕು: ಮುರಿದು ಓರೆಯಾಗಿ ಕೂಡಿದ ತೋರುಬೆರಳಿನ ಗುರುತು.

ಶಿವಪುತ್ರಪ್ಪ ಗಾಜು ಕೆಳಗಿಟ್ಟು ತನ್ನ ಓರೆ ಬೆರಳನ್ನು ನೋಡಿಕೊಂಡ. ಪುಣೆಯ ಛಾಪಖಾನೆಯ ಮಾಲೀಕರು ಪೆನ್ಸಿಲ್ಲಿನ ಗುರುತು ಕೊಟ್ಟು, "ಪಾರ್ಟಿ ಕರೆಕ್ಷನ್ ಹೇಳ್ಯಾರ, ಹಾಕಿಬಿಡು" ಎಂದದ್ದು ನೆನಪಾಯಿತು. ೧೯೨೭ ಇದ್ದಿರಬೇಕು. ಯಾವ ಪಾರ್ಟಿ, ಯಾವ ಊರು ಎಂದು ಅವನು ಕೇಳಿರಲಿಲ್ಲ. ಹೆಸರು ಓದಲು ಬರುತ್ತಿತ್ತು. ಬನವಾಸಿ ಅವನ ಹುಟ್ಟೂರು. ಓದಿದ್ದ.

ಮರುದಿನ ಬೆಳಗ್ಗೆ ಮಧುಕೇಶ್ವರಪ್ಪನವರು ತಾವೇ ಅಂಗಡಿಗೆ ಬಂದರು. ಜರಿ ಅಂಚಿನ ಶಲ್ಯ ಸರಿಪಡಿಸಿಕೊಂಡು, ಗೋಡೆಗೆ ತೂಗುಹಾಕಿದ್ದ ಬಸವಣ್ಣನ ಪಟಕ್ಕೆ ಕೈಮುಗಿದು ಕೂತರು.

"ಶಿವಪುತ್ರಪ್ಪ, ನೀವು ನಾವು ಒಂದ ಮಠದವರು. ಸುತ್ತು ಮಾತು ಬ್ಯಾಡ. ನಕ್ಷಿ ನೋಡಿದ್ರಿ?"

"ನೋಡೇನ್ರಿ."

"ನಕಲು ಅಂತೀರೇನ? ಅನ್ನರಿ. ಹಳೇ ನಕ್ಷಿಯ ನಕಲು ಅಂದ್ರ ಸಾಕು, ನಮ್ಮ ವಕೀಲರು ಉಳಿದದ್ದು ನೋಡ್ಕೋತಾರ. ಗೆರಿ ಅಸಲಿನ್ಯಾಗ ಇತ್ತು ಅಂತ ಒಂದು ಮಾತು. ಅಷ್ಟ."

"ಗೆರಿ ಅಸಲಿನ್ಯಾಗ ಇರಲಿಲ್ರಿ."

ಮಧುಕೇಶ್ವರಪ್ಪ ಮುಗುಳ್ನಕ್ಕರು. "ಅದು ನಿಮಗ ಹ್ಯಾಂಗ ಗೊತ್ತಾತು ಅಂತ ಕಟಕಟೆಯೊಳಗ ಕೇಳಿದ್ರ? ನಮ್ಮಪ್ಪ ಸಾಯೂಮುಂದ ಒಂದು ಮಾತು ಹೇಳಿದ್ದ. ಗೆರಿ ಹಾಕಿದವ ನಮ್ಮ ಊರಿನ ಹುಡುಗನ, ಒಳ್ಳೆ ಕೈ, ಅಂತ." ಎದ್ದು ಶಲ್ಯ ಹೊದ್ದರು. "ಮುಪ್ಪಿನ್ಯಾಗ ಖೊಟ್ಟಿ ಕಾಗದದವ ಅನ್ನಿಸ್ಕೊಂಡು ತಿರಗೋದು ಚಂದಲ್ಲ. ಕೋರ್ಟಿನವರು ಇವತ್ತು ತಜ್ಞ ಅಂತಾರ. ನಾಳೆ ಬೇಡಿ ಹಾಕಿದ್ರೂ ಹಾಕ್ಯಾರು."

ಅವರು ಹೋದ ಮೇಲೆ ಶಿವಪುತ್ರಪ್ಪ ಅಂಟಿನ ಡಬ್ಬಿಯ ಮುಚ್ಚಳ ಹಾಕಲು ಮರೆತ. ಅಂಟೆಲ್ಲ ಒಣಗಿ ಕಲ್ಲಾಯಿತು. ನಕಲು ಎಂದಷ್ಟೇ ಹೇಳಿ ಇಳಿದರೆ ಸುಳ್ಳಾಗುವುದಿಲ್ಲ. ಮಡಿಕೆಯ ಮಾತು ತೆಗೆಯದಿದ್ದರಾಯಿತು. ಬಾಯಿ ಮುಚ್ಚಿಕೊಂಡು ಹೀಗೇ ಬದುಕಿದ್ದ. ಮುಚ್ಚಿದ ಬಾಯಿಗೆ ಸಂಬಳವೂ ಬಂದಿತ್ತು, ಮರ್ಯಾದೆಯೂ ಬಂದಿತ್ತು.

ಸಾಕ್ಷಿಯ ದಿನ ಕೋರ್ಟಿನ ಮೆಟ್ಟಿಲಲ್ಲಿ ಬಿದಿರಳ್ಳಿಯ ಮಂದಿ ಕೂತಿದ್ದರು. ಅವರ ಮುಂದಾಳು ವೆಂಕಮ್ಮ, ಐವತ್ತರ ಗಟ್ಟಿ ಹೆಂಗಸು, ಎದ್ದು ದಾರಿಗೆ ಅಡ್ಡ ನಿಂತಳು.

"ನಕ್ಷಿ ನೋಡೋ ಯಜಮಾನ್ರು ನೀವೇನ್ರಿ?"

"ಹೌದವ್ವ."

"ನಾ ಲಗ್ನಾಗಿ ಬಂದ ವರ್ಷ ಅದ ಕಾಗದ ತೋರ್ಸಿ ನಮ್ಮ ಮಾವನ್ನ, ಇನ್ನೆರಡು ಮನಿಯವ್ರನ್ನ ಹೊರಗ ಹಾಕಿದ್ರು. ಮಾವ ಕಾಗದ ಮುಟ್ಟಿ ನೋಡಾಕ ಕೊಡ್ರಿ ಅಂದ್ರ, ನಿನ್ನ ಕೈ ಹೊಲಸೈತಿ ಅಂದ್ರಂತ. ನಿಮ್ಮ ಕೈ ಸ್ವಚ್ಛ ಐತಲ್ರಿ, ಚೆನ್ನಾಗಿ ಮುಟ್ಟಿ ನೋಡೀರಿಲ್ಲ?"

ಶಿವಪುತ್ರಪ್ಪ ಓರೆ ಬೆರಳನ್ನು ಕೋಟಿನ ಜೇಬಿಗೆ ಇಳಿಸಿ ಒಳಗೆ ಹೋದ.

ಕಟಕಟೆಯಲ್ಲಿ ಮೊದಲ ಅರ್ಧ ಗಂಟೆ ಸರಾಗವಾಗಿ ಹೋಯಿತು. ಉಬ್ಬದ ಮಸಿ, ಬೀಳದ ತಗ್ಗು, ದೀಪಸ್ತಂಭ, ಚೊಗರು. ಚೊಗರಿನ ಮಾತಿಗೆ ಹಿಂದಿನ ಬೆಂಚು ಕಿಸಕ್ಕೆಂದಿತು. ಮುನಸೀಫರು ಮೇಜು ತಟ್ಟಿದರು.

ಜಮೀನ್ದಾರರ ವಕೀಲರು ನಿಧಾನವಾಗಿ ಎದ್ದರು. "ಆಯ್ತು, ಇದು ನಕಲು. ನಕಲಿನಲ್ಲಿ ಅಸಲಿನಲ್ಲಿ ಇದ್ದದ್ದೇ ಬರ್ತದೆ, ಹೌದೋ ಅಲ್ಲವೋ?"

"ಬರ್ತೈತ್ರಿ."

"ಹಾಗಾದರೆ ಈ ಸರಹದ್ದೂ ಬಂದದ್ದೇ. ಅಸಲು ನಿಮ್ಮ ಮುಂದೆ ಇಲ್ಲ. ಇಲ್ಲ ಅನ್ನಲಿಕ್ಕೆ ನಿಮಗೆ ಸಾಧ್ಯ ಇಲ್ಲ. ಅಷ್ಟು ಸಾಕು, ಇಳೀಬಹುದು."

ಇಳಿಯಬಹುದಿತ್ತು. ಮಧುಕೇಶ್ವರಪ್ಪ ಮುಂದಿನ ಕುರ್ಚಿಯಲ್ಲಿ ಕಣ್ಣು ಅರೆಮುಚ್ಚಿ ಕೂತಿದ್ದರು. ಬಾಗಿಲ ಬಳಿ ವೆಂಕಮ್ಮ ನಿಂತೇ ಇದ್ದಳು. ಶಿವಪುತ್ರಪ್ಪನ ಕಾಲು ಒಂದು ಮೆಟ್ಟಿಲು ಕೆಳಗೆ ಬಂತು, ಅಲ್ಲೇ ನಿಂತಿತು.

"ಗೆರಿ ಆಮೇಲೆ ಹಾಕಿದ್ರಿ," ಎಂದ. "ಮಡಿಕಿ ಮ್ಯಾಲ ಎಲ್ಲಾ ತುಂಡಾಗೈತಿ. ಅದೊಂದು ಆಗಿಲ್ಲ. ಗಾಜಿನ್ಯಾಗ ನೋಡ್ರಿ."

ಮುನಸೀಫರು ನೋಡಿದರು. ಬಹಳ ಹೊತ್ತು ನೋಡಿದರು.

"ಚುಕ್ಕೆಗೆರೆ ಅಂದಮೇಲೆ ತುಂಡು ತುಂಡೇ," ವಕೀಲರು ಬಿಡಲಿಲ್ಲ. "ಮಡಿಕೆ ಗೆರೆಗಳ ನಡುವಿನ ಸಂದಿನಲ್ಲಿ ಬಿದ್ದಿರಬಹುದು."

"ಇಲ್ಲ. ಎರಡು ಕಡೆ ಗೆರೆಯ ಮೇಲೇ ಬಿದ್ದಿದೆ," ಎಂದರು ಮುನಸೀಫರು.

"ಮುದ್ರಕ ಮಸುಕಾದ ಹಳೆಯ ಗೆರೆಯನ್ನೇ ತೀಡಿ ಕೂಡಿಸಿರಬಹುದು, ಸ್ವಾಮಿ! ಇಲ್ಲದ ಗೆರೆಯನ್ನೇ ಹಾಕಿದರು ಅಂತ ಈ ಮನುಷ್ಯ ಹೇಗೆ ಹೇಳ್ತಾನೆ? ಆಗ ಅಲ್ಲಿ ಇದ್ದನೇನು?"

"ಇದ್ದೆ."

ಶಿವಪುತ್ರಪ್ಪ ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದ.

"ಹಾಕಿದವ ನಾನ. ಸತುವಿನ ತಗಡಿನ ಮ್ಯಾಲ ಅಲ್ಲಿ ಏನೂ ಇರಲಿಲ್ಲ. ಪೆನ್ಸಿಲ್ ಗುರುತು ಕೊಟ್ಟಿದ್ರು, ಅದರ ಪ್ರಕಾರ ಎಳೆದೆ. ಸುಳ್ಳು ಅಂತ ಗೊತ್ತಿರಲಿಲ್ಲ ಅಂದ್ರ ಅದೂ ಸುಳ್ಳಾಕೈತಿ. ಕೇಳಲಿಲ್ಲ ಅಷ್ಟ."

ವಕೀಲರು ಕೂಗಿದರು, ಇದು ಎದುರು ಪಕ್ಷ ಕಲಿಸಿದ ಪಾಠ ಎಂದು. ಮುನಸೀಫರು ಏನೂ ಹೇಳದೆ ಕಾಗದವನ್ನೂ ಶಾಯಿಯ ಲೇಖನಿಯನ್ನೂ ಮುಂದಕ್ಕೆ ತಳ್ಳಿದರು. ಶಿವಪುತ್ರಪ್ಪ ಜೇಬಿನಿಂದ ಕೈ ತೆಗೆದ. ಓರೆ ಬೆರಳಿನಲ್ಲೇ ಲೇಖನಿ ಹಿಡಿದ. ಒಂಬತ್ತು ಗೆರೆ, ಅದ್ದು, ಹತ್ತನೆಯದು ದಪ್ಪ. ಒಂಬತ್ತು ಗೆರೆ, ಅದ್ದು. ತುದಿಗೆಲ್ಲ ಎಡಕ್ಕೆ ಕೊಕ್ಕು. ಮುನಸೀಫರು ಎರಡು ಹಾಳೆಗಳ ಮೇಲೂ ಗಾಜು ಆಡಿಸಿ, ಕೊನೆಗೆ ಮಧುಕೇಶ್ವರಪ್ಪನವರ ಕಡೆ ತಲೆ ಎತ್ತಿದರು. ಜಮೀನ್ದಾರರ ಅರೆಮುಚ್ಚಿದ್ದ ಕಣ್ಣು ಈಗ ಪೂರ್ತಿ ತೆರೆದಿತ್ತು.

ನಕ್ಷೆಯನ್ನು ಸಾಕ್ಷ್ಯದಿಂದ ತೆಗೆದುಹಾಕಲಾಯಿತು. ಸಾಕ್ಷಿಯ ಹೇಳಿಕೆಯನ್ನು ಪೊಲೀಸರಿಗೆ ಕಳಿಸಬೇಕೆಂದೂ, ಕರೆದಾಗ ಆತ ಹಾಜರಾಗಬೇಕೆಂದೂ ಬರೆಸಿದರು. ಶಿವಪುತ್ರಪ್ಪ ಅದರ ಕೆಳಗೆ ರುಜು ಹಾಕಿದ.

ಹೊರಗೆ ಬಿದಿರಳ್ಳಿಯವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತ ನಗುತ್ತ ಇದ್ದರು. ವೆಂಕಮ್ಮ ಮಾತ್ರ ನೇರ ಅವನ ಮುಂದೆ ಬಂದಳು. ಕೈಮುಗಿಯಲಿಲ್ಲ.

"ನಮ್ಮ ಮಾವ ಕೂಲಿ ಮಾಡಿ ಸತ್ತ," ಎಂದಳು.

"ಹೂಂ."

"ಅಂಥಾ ಕಾಗದ ಆವಾಗ ಎಷ್ಟು ತೆಗೆದ್ರಿ?"

"ಇಪ್ಪತ್ತೈದು."

"ಇಲ್ಲಿ ಒಂದು ಸಿಕ್ತು. ಉಳಿದದ್ದು ಯಾರ್ಯಾರ ಮನಿ ಪೆಟಿಗಿಯಾಗ ಅದಾವ?"

ಗೆರೆ ಸುತ್ತಿದ್ದ ಹಳ್ಳಿಗಳು ಅವನ ಕಣ್ಣ ಮುಂದೆ ಒಂದೊಂದಾಗಿ ಬಂದವು. ಬಿದಿರಳ್ಳಿ ಒಂದೇ ಅಲ್ಲ.

"ಗೊತ್ತಿಲ್ಲವ್ವ. ಒಳಗ ಬಿದ್ದ ಊರಿನ ಹೆಸರು ಗೊತ್ತದಾವ."

"ಹಂಗಾದ್ರ ಹೇಳ್ರಿ," ಎಂದು ವೆಂಕಮ್ಮ ಮೆಟ್ಟಿಲ ಮೇಲೆ ಕೂತಳು. "ನನಗ ಬರಿಯಾಕ ಬರಂಗಿಲ್ಲ. ಬಾಯಿಪಾಠ ಮಾಡ್ಕೊಂಡು ಆ ಊರಿಗೆಲ್ಲ ಹೋಗಿ ಹೇಳ್ತೀನಿ."

ಶಿವಪುತ್ರಪ್ಪ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ಮೊದಲ ಊರಿನ ಹೆಸರು ಹೇಳಿದ.